ಎತ್ತರ ನೋಡಿ ತೂಕ ಹೇಳುವ ಸೂತ್ರಗಳು ಮತ್ತು ಔಷಧಿಯ ಡೋಸ್: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಆಸ್ಪತ್ರೆಯೊಂದರಲ್ಲಿ ನಾನು ಕ್ಲಿನಿಕಲ್ ಫಾರ್ಮಸಿಸ್ಟ್. ಡಾಕ್ಟರ್ ಜೊತೆ ರೌಂಡ್ಸ್‌ಗೆ ಹೋಗಿ, ಬರೆದ ಡೋಸ್ ಆ ರೋಗಿಗೆ ಸರಿಹೊಂದುತ್ತದೆಯೇ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಹೊಸದಾಗಿ ಸೇರಿದ ಸಿಸ್ಟರ್‌ಗಳು, ಇಂಟರ್ನ್‌ಗಳು, ರೋಗಿಯ ಕಡೆಯವರು ಈ ತೂಕದ ವಿಷಯದಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅವನ್ನೇ ಇಲ್ಲಿ ಒಟ್ಟು ಹಾಕಿದ್ದೇನೆ.

ಆದರ್ಶ ತೂಕ ಅಂದರೆ ನಾನು ಇರಬೇಕಾದ ತೂಕ ಅಂತಲಾ?

ಅಲ್ಲ. ಹೆಸರು ಹಾದಿ ತಪ್ಪಿಸುತ್ತದೆ. ವಾರ್ಡಿನಲ್ಲಿ ನಾವು ಐಬಿಡಬ್ಲ್ಯು ಎಂದು ಕರೆಯುವ ಈ ಸಂಖ್ಯೆಗೆ ಬೇಕಾದದ್ದು ಎರಡೇ ಮಾಹಿತಿ: ಎತ್ತರ ಎಷ್ಟು, ಗಂಡಸೋ ಹೆಂಗಸೋ. ನೀವು ಹೊಲದಲ್ಲಿ ಗುದ್ದಲಿ ಹಿಡಿಯುವವರೋ ಅಂಗಡಿ ಗಲ್ಲದ ಮೇಲೆ ಕೂರುವವರೋ, ವಯಸ್ಸು ಇಪ್ಪತ್ತೋ ಎಪ್ಪತ್ತೋ, ಅದಕ್ಕೆ ಗೊತ್ತಿಲ್ಲ. ಔಷಧಿ ಲೆಕ್ಕಕ್ಕೆ ಹಿಡಿದುಕೊಳ್ಳಲು ಒಂದು ಗೂಟ ಬೇಕಿತ್ತು, ಇದು ಆ ಗೂಟ. ತೂಕ ಇಳಿಸುವ ಗುರಿಯಾಗಿ ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಡಿ. ನಾಲ್ಕೂವರೆ ಅಡಿಯ ಹತ್ತಿರ ಇರುವ ಹೆಂಗಸರಿಗೆ ಕೆಲವು ಸೂತ್ರಗಳು ಕೊಡುವ ತೂಕಕ್ಕೆ ನಿಜವಾಗಿ ಇಳಿದರೆ ಡಾಕ್ಟರೇ ಗಾಬರಿಯಾಗುತ್ತಾರೆ.

ಯಾವ ಯಾವ ಸೂತ್ರಗಳಿವೆ?

ಎಲ್ಲರ ಬಾಯಲ್ಲೂ ಇರುವುದು "ಸೆಂಟಿಮೀಟರಿನಿಂದ ನೂರು ಕಳೀರಿ" ಅನ್ನುವ ಲೆಕ್ಕ. ಅದು 19ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಪಾಲ್ ಬ್ರೋಕಾ ಹೆಸರಿನಲ್ಲಿ ನಡೆದುಬಂದಿದೆ. ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವವು ಅದರ ನಂತರ ಬಂದ ನಾಲ್ಕು. ನಾಲ್ಕರ ಅಚ್ಚೂ ಒಂದೇ: ಐದು ಅಡಿಗೆ ಇಷ್ಟು ಕಿಲೋ, ಅದರ ಮೇಲೆ ಪ್ರತಿ ಇಂಚಿಗೆ ಇಷ್ಟು. ಹೆಂಗಸರ ಲೆಕ್ಕವನ್ನು ಮಾತ್ರ ಕೊಡುತ್ತೇನೆ, ಯಾಕೆಂದರೆ ಮುಂದಿನ ಕಥೆಯೆಲ್ಲ ಅಲ್ಲೇ ಇದೆ.

```
ಹ್ಯಾಮ್ವಿ (1964)    = 45.5 + 2.2  × ಇಂಚು
ಡಿವೈನ್ (1974)     = 45.5 + 2.3  × ಇಂಚು
ರಾಬಿನ್ಸನ್ (1983)   = 49   + 1.7  × ಇಂಚು
ಮಿಲ್ಲರ್ (1983)     = 53.1 + 1.36 × ಇಂಚು
(ಇಂಚು = ಐದು ಅಡಿಯ ಮೇಲಿನ ಇಂಚುಗಳು)
```

ಗಂಡಸರಿಗೆ ಡಿವೈನ್ ಸೂತ್ರದಲ್ಲಿ 45.5ರ ಬದಲು 50 ಹಾಕುತ್ತಾರೆ, ಇಂಚಿನ ಲೆಕ್ಕ ಅದೇ 2.3.

ಇವನ್ನು ಯಾರನ್ನು ಅಳೆದು ಮಾಡಿದರು?

ಇದನ್ನು ಮೊದಲ ಸಲ ಓದಿದಾಗ ನನಗೆ ನಗುವೂ ಬಂತು, ಸ್ವಲ್ಪ ಸಿಟ್ಟೂ ಬಂತು. ಡಿವೈನ್ ತಮ್ಮ ಸೂತ್ರವನ್ನು 1974ರಲ್ಲಿ ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್ ಬಗ್ಗೆ ಬರೆದ ಲೇಖನದೊಳಗೆ ಕೊಟ್ಟರು. ಇಷ್ಟು ಜನರನ್ನು ಅಳೆದೆವು, ಅದರಿಂದ ಈ ಸಂಖ್ಯೆ ಬಂತು ಎಂಬ ಮಾತು ಅಲ್ಲಿಲ್ಲ. ಆಗ ಅಮೆರಿಕದ ವೈದ್ಯರು ರೂಢಿಯಲ್ಲಿ ಬಳಸುತ್ತಿದ್ದ ಬಾಯಿಲೆಕ್ಕವನ್ನೇ ಪೌಂಡಿನಿಂದ ಕಿಲೋಗೆ ಇಳಿಸಿದಂತಿದೆ ಅದು. ನೂರು ಪೌಂಡ್ ಎಂದರೆ ಸುಮಾರು 45.5 ಕಿಲೋ, ಐದು ಪೌಂಡ್ ಎಂದರೆ ಸುಮಾರು 2.3 ಕಿಲೋ. "ಐದಡಿ ಹೆಂಗಸಿಗೆ ನೂರು ಪೌಂಡ್, ಮೇಲೆ ಇಂಚಿಗೆ ಐದು" ಎಂದು ಹ್ಯಾಮ್ವಿ ಹತ್ತು ವರ್ಷ ಮೊದಲೇ ಬರೆದಿದ್ದರು. 45.5ರ ಆ ಪಾಯಿಂಟ್ ಐದು ನೋಡಿ ತುಂಬ ಕರಾರುವಾಕ್ಕು ಅನ್ನಿಸುತ್ತದಲ್ಲ, ಅದು ಪೌಂಡಿನ ಗುಂಡುಸಂಖ್ಯೆಯ ಬಾಲ ಅಷ್ಟೇ.

ಈ ಬಾಯಿಲೆಕ್ಕಗಳ ಹಿಂದೆ ಇರುವುದು ಅಮೆರಿಕದ ಮೆಟ್ರೊಪಾಲಿಟನ್ ಲೈಫ್ ಎಂಬ ವಿಮಾ ಕಂಪನಿಯ ಕೋಷ್ಟಕಗಳು. 1943, 1959 ಮತ್ತು 1983ರಲ್ಲಿ ಅವು ಪ್ರಕಟವಾದವು. ಪಾಲಿಸಿ ಮಾಡಿಸಿದವರಲ್ಲಿ ಯಾವ ಎತ್ತರಕ್ಕೆ ಯಾವ ತೂಕ ಇದ್ದವರು ಹೆಚ್ಚು ವರ್ಷ ಬದುಕಿದರು ಎಂದು ಕಂಪನಿ ನೋಡಿತ್ತು. ಅದಕ್ಕೆ ಬೇಕಿದ್ದದ್ದು ಪ್ರೀಮಿಯಂ ಲೆಕ್ಕ, ಕಿಡ್ನಿ ಲೆಕ್ಕ ಅಲ್ಲ. ಕೋಷ್ಟಕದ ಎತ್ತರವೂ ಬೂಟು ಹಾಕಿಕೊಂಡ ಎತ್ತರ, ತೂಕವೂ ಬಟ್ಟೆ ಸಮೇತದ ತೂಕ. ರಾಬಿನ್ಸನ್ ಮತ್ತು ಮಿಲ್ಲರ್ ಗುಂಪುಗಳು 1983ರಲ್ಲಿ ಮಾಡಿದ್ದು ಇಂಥ ಕೋಷ್ಟಕಗಳಿಗೆ ಇನ್ನೂ ಚೆನ್ನಾಗಿ ಹೊಂದುವ ಗೆರೆ ಎಳೆಯುವ ಕೆಲಸ. ಅಂದರೆ ನಾಲ್ಕೂ ಸೂತ್ರಗಳ ಬೇರು ಒಂದೇ ನೆಲದಲ್ಲಿದೆ: ಕೈಯಲ್ಲಿ ನಾಲ್ಕು ಕಾಸಿದ್ದು ವಿಮೆ ಮಾಡಿಸಿದ, ಬೂಟು ಹಾಕಿದ ಅಮೆರಿಕನ್ನರು.

ಬೇರು ಒಂದೇ ಆದರೆ ಉತ್ತರ ಯಾಕೆ ಬೇರೆ ಬೇರೆ?

ಪ್ರತಿ ಸೂತ್ರವೂ ಒಂದು ನೇರ ಗೆರೆ. ಡಿವೈನ್ ಗೆರೆ ಕೆಳಗಿನಿಂದ ಹೊರಟು ಕಡಿದಾಗಿ ಏರುತ್ತದೆ. ಮಿಲ್ಲರ್ ಗೆರೆ ಮೇಲಿನಿಂದ ಹೊರಟು ನಿಧಾನವಾಗಿ ಏರುತ್ತದೆ. ಹಾಗಿದ್ದ ಮೇಲೆ ಎಲ್ಲೋ ಒಂದು ಕಡೆ ಎರಡೂ ಸಂಧಿಸಲೇಬೇಕು.

ಎಲ್ಲಿ ಅಂತ ಲೆಕ್ಕ ಹಾಕಿ ನೋಡಿ. ಗಂಡಸರಿಗೆ 5 ಅಡಿ 7 ಇಂಚಿನಲ್ಲಿ: ಡಿವೈನ್ 66.1, ಮಿಲ್ಲರ್ 66.1, ರಾಬಿನ್ಸನ್ 65.3, ಹ್ಯಾಮ್ವಿ 66.9. ಅಣ್ಣತಮ್ಮಂದಿರ ಹಾಗೆ ಒಂದೇ ಮಾತು. ಹೆಂಗಸರಿಗೆ ಅವು ಸಂಧಿಸುವುದು 5 ಅಡಿ 8 ಇಂಚಿನಲ್ಲಿ. ಅಲ್ಲಿ ನಾಲ್ಕೂ 62.6ರಿಂದ 64 ಕಿಲೋ ಒಳಗೇ ಇವೆ.

ಈಗ ಹೇಳಿ, 5 ಅಡಿ 8 ಇಂಚಿನ ಹೆಂಗಸರನ್ನು ನೀವು ಗುಬ್ಬಿ ಸಂತೆಯಲ್ಲೋ ಬಿ.ಎಚ್. ರಸ್ತೆಯ ಬಸ್‌ಸ್ಟಾಪಿನಲ್ಲೋ ದಿನಕ್ಕೆ ಎಷ್ಟು ಜನರನ್ನು ನೋಡುತ್ತೀರಿ? ನಮ್ಮ ಕಡೆ ಹೆಂಗಸರ ಸರಾಸರಿ ಎತ್ತರವೇ ಐದು ಅಡಿಯ ಆಸುಪಾಸು. ಆ ಐದು ಅಡಿಯಲ್ಲಿ ಡಿವೈನ್ 45.5 ಎಂದರೆ ಮಿಲ್ಲರ್ 53.1 ಎನ್ನುತ್ತದೆ. ಇನ್ನೂ ಕೆಳಗಿಳಿದಷ್ಟೂ ಬಾಯಿ ಅಗಲವಾಗುತ್ತಾ ಹೋಗುತ್ತದೆ. ಸೂತ್ರಗಳು ರಾಜಿಯಾಗುವುದು ನಮ್ಮ ತಾಯಂದಿರು ಇಲ್ಲದ ಎತ್ತರದಲ್ಲಿ, ಜಗಳ ಆಡುವುದು ಅವರು ಇರುವ ಎತ್ತರದಲ್ಲಿ. ಪಠ್ಯಪುಸ್ತಕದ ಉದಾಹರಣೆಗಳಲ್ಲಿ ಈ ಜಗಳ ಕಾಣುವುದಿಲ್ಲ, ಯಾಕೆಂದರೆ ಅಲ್ಲಿ ರೋಗಿ ಯಾವಾಗಲೂ 5 ಅಡಿ 10 ಇಂಚಿನ ಗಂಡಸು.

ಐದು ಅಡಿಗಿಂತ ಕಮ್ಮಿ ಇದ್ದವರಿಗೆ ಸೂತ್ರವೇ ಇಲ್ಲವಾ?

ಬರೆದವರು ಐದು ಅಡಿಯ "ಮೇಲೆ" ಎಂದಷ್ಟೇ ಬರೆದರು. ಕೆಳಗೆ ಏನು ಮಾಡಬೇಕು ಎಂಬುದಕ್ಕೆ ಒಂದೊಂದು ಕಡೆ ಒಂದೊಂದು ರೂಢಿ. ಕೆಲವರು ಕೂಡುವ ಬದಲು ಕಳೆಯುತ್ತಾರೆ: ಮೂರು ಇಂಚು ಕಮ್ಮಿ ಇದ್ದರೆ 45.5ರಿಂದ ಮೂರು ಸಲ 2.3 ಕಳೆದು 38.6. ಕೆಲವರು ಐದು ಅಡಿಯ ಸಂಖ್ಯೆಯನ್ನೇ ಹಾಗೇ ಇಟ್ಟುಕೊಳ್ಳುತ್ತಾರೆ. ಮೊಬೈಲಿನ ಕ್ಯಾಲ್ಕುಲೇಟರುಗಳಲ್ಲಿ ಎರಡೂ ಬಗೆಯವು ಇವೆ, ಯಾವುದು ಏನು ಮಾಡುತ್ತಿದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಪರೀಕ್ಷಿಸುವುದು ಸುಲಭ: ಒಮ್ಮೆ 152 ಸೆಂ.ಮೀ. ಹಾಕಿ, ಇನ್ನೊಮ್ಮೆ 140 ಹಾಕಿ. ಎರಡಕ್ಕೂ 45.5ರ ಹತ್ತಿರವೇ ಬಂದರೆ ಅದು ಐದಡಿಗೆ ನಿಂತುಬಿಟ್ಟಿದೆ ಎಂದರ್ಥ.

ನಾನು ಕಳೆಯುವ ಪಕ್ಷ. ಆದರೆ ತೀರಾ ಕೆಳಗೆ ಹೋದರೆ ಅದೂ ಅಭಾಸವಾಗುತ್ತದೆ ಎಂಬ ಎಚ್ಚರ ಇರಬೇಕು. 4 ಅಡಿ 8 ಇಂಚಿಗೆ ಡಿವೈನ್ 36.3 ಕಿಲೋ ಕೊಡುತ್ತದೆ. ಅದರ ಬಿಎಂಐ 18ರ ಒಳಗೆ, ಅಂದರೆ ಅಪೌಷ್ಟಿಕತೆಯ ಲೆಕ್ಕಕ್ಕೆ ಬೀಳುತ್ತದೆ. ಇಂಥ "ಆದರ್ಶ" ಯಾರಿಗೂ ಬೇಡ.

ತಕ್ಕಡಿ ಮೇಲೆ ನಿಲ್ಲಿಸಿದರೆ ನಿಜವಾದ ತೂಕ ಸಿಗುತ್ತದಲ್ಲ, ಸೂತ್ರದ ತೂಕ ಯಾಕೆ ಬೇಕು?

ಕೆಲವು ಔಷಧಿಗಳು ನೀರಿನ ಜೊತೆ ಓಡಾಡುತ್ತವೆ, ಕೊಬ್ಬಿನೊಳಗೆ ಇಳಿಯುವುದಿಲ್ಲ. ಜೆಂಟಾಮೈಸಿನ್, ಅಮಿಕಾಸಿನ್ ಅಂಥವು. ಅವು ರಕ್ತದಲ್ಲಿ ಮತ್ತು ಜೀವಕೋಶಗಳ ಹೊರಗಿನ ನೀರಿನಲ್ಲಿ ಹರಡುತ್ತವೆ. ಒಬ್ಬರಿಗೆ ಮೂವತ್ತು ಕಿಲೋ ಹೆಚ್ಚುವರಿ ಕೊಬ್ಬಿದ್ದರೆ ಆ ಮೂವತ್ತಕ್ಕೂ ಮದ್ದು ಲೆಕ್ಕ ಹಾಕಿದಾಗ, ಅಷ್ಟೂ ಮದ್ದು ಮಿಕ್ಕ ನೀರಿನಲ್ಲೇ ಸಾಂದ್ರವಾಗಿ ಕೂರುತ್ತದೆ. ಪೆಟ್ಟು ತಿನ್ನುವುದು ಕಿಡ್ನಿ ಮತ್ತು ಒಳಗಿವಿ.

ಹಾಗಂತ ಕೊಬ್ಬನ್ನು ಪೂರ್ತಿ ಬಿಟ್ಟರೂ ತಪ್ಪು. ಕೊಬ್ಬಿನ ಅಂಗಾಂಶದಲ್ಲೂ ರಕ್ತನಾಳ ಇದೆ, ನೀರಿನ ಅಂಶ ಇದೆ. ಮದ್ದು ಅಲ್ಲೂ ಸ್ವಲ್ಪ ಹೋಗುತ್ತದೆ. ದಪ್ಪಗಿರುವವರ ರಕ್ತದಲ್ಲಿ ಈ ಔಷಧಿಗಳ ಮಟ್ಟ ಅಳೆದು ನೋಡಿದವರು ಹೆಚ್ಚುವರಿ ತೂಕದ ಶೇ. 40ರಷ್ಟನ್ನು ಸೇರಿಸಿದರೆ ಹೊಂದುತ್ತದೆ ಎಂದು ಕಂಡುಕೊಂಡರು. ಇದನ್ನು ಹೊಂದಿಸಿದ ತೂಕ ಎನ್ನೋಣ.

```
ಹೊಂದಿಸಿದ ತೂಕ = ಆದರ್ಶ ತೂಕ + 0.4 × (ನಿಜ ತೂಕ − ಆದರ್ಶ ತೂಕ)
```

ನಿಜವಾದ ತೂಕ ಆದರ್ಶ ತೂಕಕ್ಕಿಂತ ಶೇ. 20ಕ್ಕೂ ಮೇಲೆ ಹೆಚ್ಚಿದ್ದಾಗ ಇದನ್ನು ಬಳಸುವುದು ರೂಢಿ.

ಒಂದು ಕೇಸ್ ಹಿಡಿದು ಪೂರ್ತಿ ಲೆಕ್ಕ ತೋರಿಸಿ.

ಇದು ಒಬ್ಬರ ಕಥೆಯಲ್ಲ, ನಾನು ಮತ್ತೆ ಮತ್ತೆ ಕಾಣುವ ಬಗೆಯ ಕೇಸ್. ಶಿರಾ ಕಡೆಯ ಒಬ್ಬ ತಾಯಿ ಎಂದಿಟ್ಟುಕೊಳ್ಳಿ. ವಯಸ್ಸು 58, ಎತ್ತರ 145 ಸೆಂ.ಮೀ., ತೂಕ 72 ಕಿಲೋ. ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು. ಕಿಡ್ನಿಗೆ ಸೋಂಕು ಏರಿದೆ. ಮೂತ್ರದ ಕಲ್ಚರ್‌ನಲ್ಲಿ ಬಂದ ರೋಗಾಣು ಅಮಿಕಾಸಿನ್‌ಗೆ ಬಗ್ಗುತ್ತದೆ. ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 0.9, ನೋಡಲು ಚೆನ್ನಾಗಿದೆ. ಡೋಸ್ ಕಿಲೋಗೆ 15 ಮಿ.ಗ್ರಾಂ.

ಪ್ರಶ್ನೆ: ಯಾವ ಕಿಲೋಗೆ?

ನಿಜ ತೂಕ ಹಿಡಿದರೆ 1080 ಮಿ.ಗ್ರಾಂ. ವಯಲ್‌ನಲ್ಲಿ 2 ಮಿ.ಲೀ.ಗೆ 500 ಮಿ.ಗ್ರಾಂ. ಇರುತ್ತದೆ, ಸಿಸ್ಟರ್ ಮೂರನೇ ವಯಲ್ ಒಡೆದು 4.3 ಮಿ.ಲೀ. ಎಳೆಯಬೇಕಾಗುತ್ತದೆ. ಮೂರನೇ ವಯಲ್ ಎಂದಾಗ ಅನುಭವಸ್ಥ ಸಿಸ್ಟರ್‌ಗಳು ಒಂದು ಕ್ಷಣ ಕೈ ತಡೆದು "ಸಾರ್, ಇದು ಸರೀನಾ?" ಎಂದು ಕೇಳುತ್ತಾರೆ. ಆ ಪ್ರಶ್ನೆಯ ಬೆಲೆ ದೊಡ್ಡದು.

ಈಗ ಡಿವೈನ್. 145 ಸೆಂ.ಮೀ. ಎಂದರೆ ಐದು ಅಡಿಗಿಂತ 2.9 ಇಂಚು ಕಮ್ಮಿ; ಆದರ್ಶ ತೂಕ 38.8 ಕಿಲೋ. ಇವರ ನಿಜ ತೂಕ ಅದರ ಹೆಚ್ಚುಕಡಿಮೆ ಎರಡರಷ್ಟು. ಹೆಚ್ಚುವರಿ 33.2 ಕಿಲೋದ ಶೇ. 40 ಎಂದರೆ 13.3. ಹೊಂದಿಸಿದ ತೂಕ 52.1. ಡೋಸ್ 781 ಮಿ.ಗ್ರಾಂ., ಅಳತೆಗೆ ಅನುಕೂಲವಾಗಿ 750. ಸಿರಿಂಜಿನಲ್ಲಿ ಸರಿಯಾಗಿ 3 ಮಿ.ಲೀ.

ಇಷ್ಟಕ್ಕೆ ಮುಗಿಯಲಿಲ್ಲ. ಮುಂದಿನ ಡೋಸ್ ಯಾವಾಗ ಎನ್ನುವುದನ್ನು ಕಿಡ್ನಿ ಸೋಸುವ ವೇಗ ನಿರ್ಧರಿಸುತ್ತದೆ. ಅದನ್ನು 1976ರ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರದಿಂದ ಅಂದಾಜು ಮಾಡುತ್ತೇವೆ. ಅದರೊಳಗೂ ತೂಕ ಕೂತಿದೆ.

```
(140 − ವಯಸ್ಸು) × ತೂಕ ÷ (72 × ಕ್ರಿಯಾಟಿನಿನ್),  ಹೆಂಗಸರಿಗೆ × 0.85
```

ಇದರಲ್ಲಿ 72 ಕಿಲೋ ಹಾಕಿದರೆ ನಿಮಿಷಕ್ಕೆ 77 ಮಿ.ಲೀ. ಹೊಂದಿಸಿದ 52.1 ಹಾಕಿದರೆ 56. ದಿನಕ್ಕೊಂದು ದೊಡ್ಡ ಡೋಸ್ ಕೊಡುವ ಪದ್ಧತಿಯಲ್ಲಿ 60ರ ಮೇಲಿದ್ದರೆ 24 ಗಂಟೆಗೊಮ್ಮೆ, 40ರಿಂದ 59 ಇದ್ದರೆ 36 ಗಂಟೆಗೊಮ್ಮೆ ಎಂಬುದು ಹೆಚ್ಚು ಬಳಕೆಯಲ್ಲಿರುವ ಗಡಿ. ಅಲ್ಲಿಗೆ ತಪ್ಪು ತೂಕ ಎರಡು ಕಡೆ ಕೈಯಾಡಿಸಿತು: ಡೋಸನ್ನೂ ಹಿಗ್ಗಿಸಿತು, ಅಂತರವನ್ನೂ ಕುಗ್ಗಿಸಿತು. ಮೂರು ದಿನದ ಲೆಕ್ಕ ಹಿಡಿದರೆ ನಿಜ ತೂಕದ ದಾರಿಯಲ್ಲಿ ಮೂರು ಸಲ 1080, ಒಟ್ಟು 3240 ಮಿ.ಗ್ರಾಂ. ಹೊಂದಿಸಿದ ತೂಕದ ದಾರಿಯಲ್ಲಿ ಎರಡು ಸಲ 750, ಒಟ್ಟು 1500. ಅದೇ ತಾಯಿ, ಅದೇ ಸೋಂಕು, ಮದ್ದು ಎರಡು ಪಟ್ಟಿಗೂ ಹೆಚ್ಚು.

36 ಗಂಟೆ ಎನ್ನುವುದು ವಾರ್ಡಿಗೆ ಕಿರಿಕಿರಿಯ ಲೆಕ್ಕ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕೊಟ್ಟರೆ ಮುಂದಿನದು ಮಂಗಳವಾರ ರಾತ್ರಿ ಹತ್ತಕ್ಕೆ. ಚಾರ್ಟಿನಲ್ಲಿ "36 ಗಂಟೆಗೊಮ್ಮೆ" ಎಂದು ಬರೆದು ಬಿಟ್ಟರೆ ಮಂಗಳವಾರ ಬೆಳಿಗ್ಗೆಯೇ ಯಾರಾದರೂ ಕೊಟ್ಟಿರುತ್ತಾರೆ. ವಾರ, ಗಂಟೆ ಎರಡನ್ನೂ ಬರೆಯುತ್ತೇನೆ.

ಡಿವೈನ್ ಬದಲು ಮಿಲ್ಲರ್ ಹಾಕಿದ್ದರೆ?

ಅದೇ ತಾಯಿಗೆ ಮಿಲ್ಲರ್ 49.1 ಕಿಲೋ ಎನ್ನುತ್ತದೆ (ರಾಬಿನ್ಸನ್ 44, ಹ್ಯಾಮ್ವಿ 39.1, ಬ್ರೋಕಾ ನೂರು ಕಳೆದರೆ 45). ಡಿವೈನ್‌ಗೂ ಮಿಲ್ಲರ್‌ಗೂ ಹತ್ತು ಕಿಲೋ ಅಂತರ. ಆದರೆ ಹೊಂದಿಸಿದ ತೂಕಕ್ಕೆ ಹೋಗುವಷ್ಟರಲ್ಲಿ ಆ ಅಂತರ ಆರಕ್ಕೆ ಇಳಿಯುತ್ತದೆ: 52.1 ಮತ್ತು 58.3. ಆದರ್ಶ ತೂಕ ಕೆಳಗಿದ್ದರೆ "ಹೆಚ್ಚುವರಿ" ಜಾಸ್ತಿಯಾಗಿ ಶೇ. 40ರ ಪಾಲೂ ಜಾಸ್ತಿಯಾಗುತ್ತದೆ. ಹಾಗಾಗಿ ಜಗಳದ ಒಂದು ಭಾಗವನ್ನು ಸೂತ್ರವೇ ನುಂಗಿಕೊಳ್ಳುತ್ತದೆ. ಹೊಂದಿಸಿದ ತೂಕದ ಈ ಗುಣ ನನಗೆ ಇಷ್ಟ, ಇದನ್ನು ಯಾರೂ ಪಾಠದಲ್ಲಿ ಹೇಳುವುದಿಲ್ಲ.

ಆದರೂ ಇಲ್ಲಿ ಆ ಆರು ಕಿಲೋ ಸಾಕಾಯಿತು. 58.3 ಹಾಕಿದರೆ ಕಿಡ್ನಿಯ ವೇಗ 62.7, ಅಂದರೆ 60ರ ಗೆರೆ ದಾಟಿ 24 ಗಂಟೆಯ ಗುಂಪಿಗೆ ಬಂತು. ಡೋಸ್ 875. ಮೂರು ದಿನಕ್ಕೆ 2625 ಮಿ.ಗ್ರಾಂ. ಗಡಿಯ ಹತ್ತಿರ ಇರುವ ರೋಗಿಯಲ್ಲಿ ಸೂತ್ರದ ಆಯ್ಕೆಯೇ ಚಿಕಿತ್ಸೆಯನ್ನು ಬದಲಿಸುತ್ತದೆ.

ಹಾಗಾದರೆ ಸರಿಯಾದ ಸೂತ್ರ ಯಾವುದು?

ಯಾವುದು ನಿಜದ ಹತ್ತಿರ ಎಂದು ಹುಡುಕುವುದಕ್ಕಿಂತ, ಆ ಡೋಸಿನ ನಿಯಮ ಯಾವ ಸೂತ್ರದ ಜೊತೆ ಬೆಳೆಯಿತು ಎಂದು ನೋಡಿ. ಅಮಿಕಾಸಿನ್, ಜೆಂಟಾಮೈಸಿನ್ ಜೊತೆ ಬಳಸುವ 0.4 ಎಂಬ ಗುಣಕ, ಅಂತರದ ಗಡಿಗಳು ಇವೆಲ್ಲ ಡಿವೈನ್ ಚಾಲ್ತಿಯಲ್ಲಿದ್ದ ಕಾಲದಲ್ಲಿ, ಅದರ ಜೊತೆಗೇ ಪಳಗಿದವು. ಹಳೆಯ ಸೇರಿಗೆ ಅಳತೆ ಮಾಡಿಕೊಂಡ ಅಡುಗೆಗೆ ಹೊಸ ಸೇರು ತಂದಿಟ್ಟರೆ ಉಪ್ಪು ಕೆಡುತ್ತದೆ; ಸೇರು ತಪ್ಪಿಲ್ಲ, ಜೋಡಿ ತಪ್ಪು. ಹಾಗಾಗಿ ನಾನು ಡಿವೈನ್ ಬಿಡುವುದಿಲ್ಲ, ಅದರ ಜನ್ಮಕಥೆ ಗೊತ್ತಿದ್ದೂ.

ಆಮೇಲೆ ರೋಗಿಯನ್ನು ನೋಡುತ್ತೇನೆ. ಸೂತ್ರ ಮೊದಲ ಡೋಸಿಗೆ ದಾರಿ ತೋರಿಸುತ್ತದೆ, ಎರಡನೆಯದಕ್ಕೆ ಕಿಡ್ನಿಯೇ ಉತ್ತರ ಹೇಳಬೇಕು. ಮುಂದಿನ ಡೋಸಿಗೆ ಮೊದಲು ರಕ್ತದಲ್ಲಿ ಮದ್ದು ಎಷ್ಟು ಉಳಿದಿದೆ ಎಂಬ ಪರೀಕ್ಷೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಆ ಪರೀಕ್ಷೆ ಕೈಗೆಟುಕದ ಕಡೆ ಕ್ರಿಯಾಟಿನಿನ್ ಅನ್ನು ಎರಡು ದಿನಕ್ಕೊಮ್ಮೆಯಾದರೂ ಮಾಡಿಸುತ್ತೇವೆ. 0.9 ಇದ್ದದ್ದು 1.2 ಆದರೆ ಲ್ಯಾಬ್ ರಿಪೋರ್ಟಿನಲ್ಲಿ ಕೆಂಪು ಗುರುತು ಬರದೇ ಇರಬಹುದು, ನನಗೆ ಮಾತ್ರ ಅದು ಕೆಂಪೇ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ರಾತ್ರಿ ಬಚ್ಚಲಿಗೆ ಹೋಗುವಾಗ ಕತ್ತಲಲ್ಲಿ ಓಲಾಡುವುದು ಕಂಡರೆ ತಕ್ಷಣ ಹೇಳಿ ಎಂದು ಮನೆಯವರಿಗೂ ತಿಳಿಸುತ್ತೇವೆ. ಕಿಡ್ನಿ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ, ಕೆಟ್ಟ ಒಳಗಿವಿ ಹಿಂದಕ್ಕೆ ಬರುವುದಿಲ್ಲ.

ವೆಂಟಿಲೇಟರ್‌ಗೂ ಈ ತೂಕಕ್ಕೂ ಏನು ಸಂಬಂಧ?

ನನ್ನ ಪ್ರಕಾರ ಇದರ ಅತಿ ಮುಖ್ಯ ಬಳಕೆ ಅದೇ, ಮತ್ತು ಅಲ್ಲಿ ಅದು ಔಷಧಿಯಲ್ಲ, ಗಾಳಿ. ಶ್ವಾಸಕೋಶದ ಗಾತ್ರ ಎತ್ತರದ ಮೇಲೆ ನಿಂತಿದೆ. ಮೂವತ್ತು ಕಿಲೋ ದಪ್ಪಗಾದರೆ ಹೊಟ್ಟೆ ದೊಡ್ಡದಾಗುತ್ತದೆ, ಶ್ವಾಸಕೋಶ ಒಂದು ಚೂರೂ ದೊಡ್ಡದಾಗುವುದಿಲ್ಲ.

2000ರಲ್ಲಿ ಪ್ರಕಟವಾದ ಅಮೆರಿಕದ ಆರ್ಡ್ಸ್‌ನೆಟ್ ಅಧ್ಯಯನದಲ್ಲಿ, ಶ್ವಾಸಕೋಶ ತೀವ್ರವಾಗಿ ಹಾನಿಗೊಂಡ 861 ರೋಗಿಗಳನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಪ್ರತಿ ಉಸಿರಿಗೆ ಕಿಲೋಗೆ 12 ಮಿ.ಲೀ., ಇನ್ನೊಂದಕ್ಕೆ 6 ಮಿ.ಲೀ. ಗಾಳಿಯ ಗುರಿ ಇಟ್ಟರು. ಸಾವು ಮೊದಲ ಗುಂಪಿನಲ್ಲಿ ಶೇ. 39.8, ಎರಡನೆಯದರಲ್ಲಿ ಶೇ. 31. ಇಲ್ಲಿನ ಕಿಲೋ ನಿಜ ತೂಕದ್ದಲ್ಲ, ಎತ್ತರದಿಂದ ಲೆಕ್ಕ ಹಾಕಿದ್ದು. ಡಿವೈನ್‌ನ ಸೆಂಟಿಮೀಟರ್ ರೂಪವೇ ಅದು:

```
ಗಂಡಸು  = 50   + 0.91 × (ಸೆಂ.ಮೀ. − 152.4)
ಹೆಂಗಸು = 45.5 + 0.91 × (ಸೆಂ.ಮೀ. − 152.4)
```

ನಮ್ಮ 145 ಸೆಂ.ಮೀ. ತಾಯಿಯೇ ನ್ಯುಮೋನಿಯಾ ಆಗಿ ವೆಂಟಿಲೇಟರ್ ಮೇಲೆ ಬಂದರು ಎನ್ನಿ. ಸೂತ್ರದ ತೂಕ 38.8, ಆರರಿಂದ ಗುಣಿಸಿದರೆ ಉಸಿರಿಗೆ ಸುಮಾರು 230 ಮಿ.ಲೀ. ನಡುರಾತ್ರಿ ಯಾರೋ ನಿಜ ತೂಕ 72ರಿಂದ ಗುಣಿಸಿ 430 ಇಟ್ಟರೆ, ಚಾರ್ಟಿನಲ್ಲಿ "6 ಮಿ.ಲೀ./ಕಿಲೋ" ಎಂದೇ ಬರೆದಿರುತ್ತದೆ, ನೋಡಿದವರಿಗೆ ತೃಪ್ತಿಯಾಗುತ್ತದೆ. ನಿಜಕ್ಕೂ ಅದು 11. ಅಂದರೆ ಹೆಚ್ಚು ಜನ ಸತ್ತ ಗುಂಪಿನ ಗಾಳಿಯ ಹತ್ತಿರಕ್ಕೇ ಬಂತು. ಕುಳ್ಳಗೆ ದಪ್ಪಗಿರುವ ಹೆಂಗಸರಿಗೆ ಈ ತಪ್ಪು ತಟ್ಟುವಷ್ಟು ಇನ್ಯಾರಿಗೂ ತಟ್ಟುವುದಿಲ್ಲ. 230 ಎಂಬ ಸಂಖ್ಯೆ ಹೊಸಬರ ಕಣ್ಣಿಗೆ ಮಗುವಿನ ಗಾಳಿಯಂತೆ ಕಾಣುತ್ತದೆ, ಅವರೇ ಏರಿಸಿಬಿಡುತ್ತಾರೆ. ಅದಕ್ಕೆ ಹಾಸಿಗೆಯ ತಲೆಕಡೆ ಎತ್ತರ, ಸೂತ್ರದ ತೂಕ, ಅದರ ಆರರಷ್ಟು, ಈ ಮೂರನ್ನು ಮಾರ್ಕರ್‌ನಲ್ಲಿ ಬರೆದು ಅಂಟಿಸುವುದು ಒಳ್ಳೆಯ ಅಭ್ಯಾಸ.

ಹಾಸಿಗೆ ಹಿಡಿದವರ ಎತ್ತರ ಅಳೆಯುವುದು ಹೇಗೆ?

ಇಡೀ ಲೆಕ್ಕ ಎತ್ತರದ ಮೇಲೆ ನಿಂತಿದೆ, ಕೇಸ್ ಶೀಟಿನಲ್ಲಿ ಹೆಚ್ಚಾಗಿ ಖಾಲಿ ಇರುವ ಜಾಗವೂ ಅದೇ. ಅಂದಾಜಿನಲ್ಲಿ ಬರೆಯುವವರು ಮಲಗಿದವರನ್ನು ಇರುವುದಕ್ಕಿಂತ ಉದ್ದ ಕಾಣುತ್ತಾರೆ ಎಂಬುದು ನನ್ನ ಅನುಭವ. ಮಂಚವನ್ನು ಮಟ್ಟ ಮಾಡಿ, ನೆತ್ತಿಯಿಂದ ಹಿಮ್ಮಡಿಯವರೆಗೆ ಟೇಪು ಹಿಡಿಯಿರಿ. ಇಬ್ಬರು ಬೇಕು, ಎರಡು ನಿಮಿಷ ಸಾಕು.

ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆಯಿಂದ ಬರುವ ವಯಸ್ಸಾದವರಲ್ಲಿ ಇನ್ನೊಂದು ತೊಡಕು. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಕುಡಿದು ಕೆಲವರ ಬೆನ್ನು ಬಾಗಿ ಗಟ್ಟಿಯಾಗಿರುತ್ತದೆ. ಅವರನ್ನು ನಿಲ್ಲಿಸಿ ಅಳೆದರೂ, ಮಲಗಿಸಿ ಅಳೆದರೂ ನಿಜವಾದ ಎತ್ತರ ಸಿಗದು. ಎರಡೂ ತೋಳು ಚಾಚಿ ಬೆರಳ ತುದಿಯಿಂದ ತುದಿಗೆ ಅಳೆಯುವ ಪದ್ಧತಿ ಇದೆ. ಆದರೆ ಅಂಥವರ ಮೊಣಕೈಯೂ ಕೆಲವೊಮ್ಮೆ ಪೂರ್ತಿ ಚಾಚಿಕೊಳ್ಳುವುದಿಲ್ಲ. ಆಗ ಒಂದೇ ಮೂಳೆಯ ಉದ್ದ ನೋಡುವುದು ವಾಸಿ: ಮೊಣಕೈ ತುದಿಯಿಂದ ಮಣಿಕಟ್ಟಿನ ಉಬ್ಬು ಮೂಳೆಯವರೆಗೆ, ಇಲ್ಲವೇ ಹಿಮ್ಮಡಿಯಿಂದ ಮಡಚಿದ ಮಂಡಿಯವರೆಗೆ. ಅದರಿಂದ ಎತ್ತರ ಹೇಳುವ ಕೋಷ್ಟಕಗಳಿವೆ. ಅವೂ ಬೇರೆ ದೇಶದವರನ್ನು ಅಳೆದು ಮಾಡಿದವು, ಆದರೂ ಬಾಗಿದ ಬೆನ್ನಿನ ಅಳತೆಗಿಂತ ಮೇಲು.

"ಐದು ಪಾಯಿಂಟ್ ಹತ್ತು" ಅಂತ ಬರೆದರೆ ಏನು ತೊಂದರೆ?

ಈ ತಪ್ಪು ನಾನೇ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು, ಆಗ ಬೇರೆ ಆಸ್ಪತ್ರೆ. ರೋಗಿಯ ತಮ್ಮ "ಅಣ್ಣ ಐದು ಹತ್ತು ಇದಾನೆ ಸಾರ್" ಅಂದ. ನಾನು 5.10 ಎಂದು ಬರೆದೆ. ಕಂಪ್ಯೂಟರ್ ಅದನ್ನು 5.1 ಅಡಿ ಎಂದು ಓದಿ 155 ಸೆಂ.ಮೀ. ಮಾಡಿತು. 5 ಅಡಿ 10 ಇಂಚು ಎಂದರೆ 178. ಇಪ್ಪತ್ತೆರಡು ಸೆಂಟಿಮೀಟರ್ ಹೋಯಿತು, ಆದರ್ಶ ತೂಕದಲ್ಲಿ ಇಪ್ಪತ್ತು ಕಿಲೋ ಹೋಯಿತು. ಸಂಜೆ ರೌಂಡ್ಸಿನಲ್ಲಿ ಹಿರಿಯ ಸಿಸ್ಟರೊಬ್ಬರು ಕಾಲು ಮಂಚದಿಂದಾಚೆ ಚಾಚಿದ್ದ ಆ ಮನುಷ್ಯನನ್ನೂ ನನ್ನ 155ನ್ನೂ ನೋಡಿ ನಕ್ಕರು. ಅವತ್ತಿನಿಂದ ಸೆಂಟಿಮೀಟರ್ ಬಿಟ್ಟು ಬೇರೇನೂ ಬರೆದಿಲ್ಲ.

ತೀರಾ ಸಣ್ಣಗಿರುವವರಿಗೂ ಆದರ್ಶ ತೂಕವೇ?

ಇಲ್ಲ. 5 ಅಡಿ 7 ಇಂಚಿನ ಗಂಡಸು, ಕಾಯಿಲೆಯಿಂದ ಸೊರಗಿ 46 ಕಿಲೋ ಇದ್ದಾನೆ ಎಂದರೆ ಸೂತ್ರ 66 ಎನ್ನುತ್ತದೆ. ಇಲ್ಲದ ಇಪ್ಪತ್ತು ಕಿಲೋಗೆ ಮದ್ದು ಕೊಡುವ ಹಾಗಿಲ್ಲ. ನಿಜ ತೂಕ ಕಮ್ಮಿ ಇದ್ದರೆ ನಿಜ ತೂಕವೇ. ಅಂಥವರಲ್ಲಿ ಮಾಂಸಖಂಡ ಕರಗಿ ಕ್ರಿಯಾಟಿನಿನ್ ಕೂಡ ಕಮ್ಮಿ ತೋರಿಸುತ್ತದೆ, ಹಾಗಾಗಿ ಕಿಡ್ನಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ವೆಂಟಿಲೇಟರಿನಲ್ಲಿ ಮಾತ್ರ ಇವರಿಗೂ ಎತ್ತರದ ಲೆಕ್ಕವೇ, ಸೊರಗಿದರೂ ಶ್ವಾಸಕೋಶ ಅಷ್ಟೇ ಇರುತ್ತದೆ.

ಎಲ್ಲ ಔಷಧಿಗೂ ಹೀಗೇ ಲೆಕ್ಕ ಹಾಕಬೇಕಾ?

ಬಹುಪಾಲು ಮಾತ್ರೆಗಳಿಗೆ ತೂಕವೇ ಬೇಡ. ಬೇಕಾದ ಕಡೆ ಒಂದೊಂದಕ್ಕೆ ಒಂದೊಂದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, ಎನಾಕ್ಸಪಾರಿನ್‌ಗೆ ನಿಜ ತೂಕ. ಅಲ್ಲಿ ಆದರ್ಶ ತೂಕ ಹಾಕಿದರೆ ಡೋಸ್ ಸಾಲದೆ ಹೆಪ್ಪು ಬೆಳೆಯುತ್ತದೆ. ವ್ಯಾಂಕೋಮೈಸಿನ್ ಮೊದಲ ಡೋಸಿಗೂ ನಿಜ ತೂಕ. ಟಿಬಿ ಮಾತ್ರೆಗಳ ತೂಕದ ಪಟ್ಟಿಯೂ ನಿಜ ತೂಕದ್ದೇ. ಅರಿವಳಿಕೆಯಲ್ಲಿ ಒಂದೇ ಟ್ರೇ ಮೇಲಿನ ಎರಡು ಸಿರಿಂಜಿಗೆ ಎರಡು ತೂಕ: ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್‌ಗೆ ನಿಜ ತೂಕ, ಅದೇ ಕೆಲಸದ ರೊಕ್ಯುರೋನಿಯಂಗೆ ಆದರ್ಶ ತೂಕ.

ಹಾವು ಕಚ್ಚಿದಾಗ ಕೊಡುವ ಪ್ರತಿವಿಷಕ್ಕೆ ತೂಕ ನೋಡುವುದೇ ಇಲ್ಲ. ಹಾವು ಎಷ್ಟು ವಿಷ ಬಿಟ್ಟಿದೆಯೋ ಅಷ್ಟನ್ನು ಕಟ್ಟಿಹಾಕಬೇಕು, ಮಗುವಿಗೂ ದೊಡ್ಡವರಷ್ಟೇ ವಯಲ್. ಮಗು ಸಣ್ಣದು, ಅರ್ಧ ಕೊಡಿ ಎಂದು ಅಂಗಲಾಚುವ ಅಪ್ಪಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ.

ಮಕ್ಕಳಿಗೆ ಈ ಸೂತ್ರ ನಡೆಯುತ್ತದಾ?

ನಡೆಯುವುದಿಲ್ಲ. ಮಕ್ಕಳ ಲೆಕ್ಕವೇ ಬೇರೆ.

ಕಾಲು ಊತ, ಹೊಟ್ಟೆಯಲ್ಲಿ ನೀರು ಇದ್ದರೆ ಯಾವ ತೂಕ?

ತಕ್ಕಡಿ ಆಗ ಸುಳ್ಳು ಹೇಳುತ್ತದೆ. ಹೊಟ್ಟೆಯಲ್ಲಿ ಎಂಟು ಲೀಟರ್ ನೀರಿದ್ದರೆ ಎಂಟು ಕಿಲೋ ನೀರಿನದೇ. ಶೇ. 40ರ ಲೆಕ್ಕ ಕೊಬ್ಬಿಗೆ ಹೇಳಿದ್ದು, ಊತದ ನೀರಿಗಲ್ಲ. ಅಮಿಕಾಸಿನ್‌ನಂಥದ್ದು ಆ ನೀರಿಗೂ ಹರಡುತ್ತದೆ. ಊತ ಬರುವ ಮುಂಚಿನ ತೂಕ ಎಷ್ಟಿತ್ತು ಎಂದು ಕೇಳಿ ಅಲ್ಲಿಂದ ಶುರುಮಾಡುತ್ತೇವೆ, ಮೊದಲ ಡೋಸಿನ ನಂತರ ಸೂತ್ರ ನಂಬುವುದಿಲ್ಲ, ರಕ್ತದ ಮಟ್ಟ ನೋಡುತ್ತೇವೆ.

ರೋಗಿಯ ಕಡೆಯವರಾಗಿ ನಾವೇನು ಹೇಳಬೇಕು?

"ತೂಕ ಎಷ್ಟು?" ಎಂದರೆ ಯಾವಾಗ, ಎಲ್ಲಿ ನೋಡಿದ್ದು ಎಂಬುದನ್ನೂ ಸೇರಿಸಿ ಹೇಳಿ. "ಹೋದ ವರ್ಷ ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಹಾಕಕ್ಕೆ ಹೋದಾಗ ಅದೇ ತಕ್ಕಡಿ ಮೇಲೆ ನಿಂತಿದ್ರು, ಎಪ್ಪತ್ತು ಇತ್ತು" ಎಂದು ಒಬ್ಬ ಮಗ ಹೇಳಿದ್ದ. ನಾವೆಲ್ಲ ನಕ್ಕೆವು, ಆದರೆ ಅದು ಒಳ್ಳೆಯ ಮಾಹಿತಿ: ತಕ್ಕಡಿ ಸರಿಯಾದದ್ದು, ತಾರೀಖು ಗೊತ್ತು. "ಅಂದಾಜು ಅರವತ್ತು ಬರೀರಿ" ಎನ್ನುವುದಕ್ಕಿಂತ ಸಾವಿರ ಪಾಲು ವಾಸಿ. ಎತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ನಾವು ಟೇಪು ತರುತ್ತೇವೆ.